ಹಲಗಿ ಮತ್ತು ನಿಘಂಟು

ಇಳಕಲ್ಲಿನ ವಾಚನಾಲಯದಲ್ಲಿ ಒಂದು ಇಂಗ್ಲಿಷ್ ಪತ್ರಿಕೆ ಓದುತ್ತಿದ್ದೆ. ಯಾವುದೋ ದೇಶ ಜಗತ್ತಿನ ಪಾಲಿಗೆ 'ಪರಾಯ ಸ್ಟೇಟ್' ಆಗಿದೆ ಅಂತ ಬರೆದಿದ್ದರು. ಆ ಪದ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವ ನಾನೇ ಮೊದಲಿಗ. ಗೊತ್ತಿಲ್ಲದ್ದನ್ನು ಕೇಳೋದಕ್ಕೆ ನನಗೆ ಅಣ್ಣನಿರಲಿಲ್ಲ, ನಿಘಂಟಿತ್ತು. ಕಪಾಟಿನಲ್ಲಿದ್ದ ಆಕ್ಸ್‌ಫರ್ಡ್ ನಿಘಂಟು ತೆಗೆದೆ.

ಬೆರಳು ಅರ್ಧದಷ್ಟಿರುವ ಆ ನಮೂದಿನಲ್ಲಿ ನಮ್ಮ ಕೇರಿಯೇ ಇತ್ತು.

ಮೊದಲು ಪದ, ಅದರ ಉಚ್ಚಾರಣೆ. ಆಮೇಲೆ ನಾಮಪದ ಎನ್ನುವ ಗುರುತು. ಇಲ್ಲೇ ನಾನು ಮುಗ್ಗರಿಸಿದೆ. ಪತ್ರಿಕೆಯಲ್ಲಿ ಅದು 'ಸ್ಟೇಟ್' ಪದದ ಮುಂದೆ ಕೂತಿದೆ, ಹಾಗಾದರೆ ಗುಣವಾಚಕ ಆಗಬೇಕಲ್ಲ? ಆಗೋದಿಲ್ಲ. 'ಕಲ್ಲುಕಂಬ' ಅಂದರೆ ಕಲ್ಲು ಗುಣವಾಚಕ ಆಯಿತೇನು? ನಾಮಪದವೇ ಇನ್ನೊಂದು ನಾಮಪದದ ಮುಂದೆ ನಿಂತಿದೆ, ಅಷ್ಟೆ. ಪರೀಕ್ಷೆ ಸುಲಭ: 'ಬಹಳ' ಹಚ್ಚಿ ನೋಡಿ. 'ಬಹಳ ದೊಡ್ಡ' ಅನ್ನಬಹುದು, 'ಬಹಳ ಕಲ್ಲು ಕಂಬ' ಅನ್ನಲಿಕ್ಕೆ ಬರೋದಿಲ್ಲ. ಪರಾಯವೂ ಹಾಗೆಯೇ. ನಮ್ಮ ಸಾಹಿತ್ಯ ಪರಿಷತ್ತಿನ ನಿಘಂಟಿನಲ್ಲಿ ನಾ, ಕ್ರಿ, ಗು ಅಂತ ಬರುವ ಗುರುತುಗಳ ಕೆಲಸವೂ ಇದೇ. ಪದದ ಅರ್ಥ ಹೇಳೋದಕ್ಕೂ ಮೊದಲು, ವಾಕ್ಯದಲ್ಲಿ ಅದಕ್ಕೆ ಯಾವ ಜಾಗ ಎಂದು ಹೇಳುತ್ತವೆ.

ಮುಂದೆ ಎರಡು ಅರ್ಥ. ಒಂದು, ಎಲ್ಲರೂ ಹೊರಗಿಟ್ಟ ಮನುಷ್ಯ. ಇದರ ಹಿಂದೆ ಯಾವ ಗುರುತೂ ಇಲ್ಲ. ಗೆಳೆಯರೇ, ಗುರುತು ಇಲ್ಲದಿರುವುದೂ ಒಂದು ಮಾತೇ: ಇದನ್ನು ಇಂದು ಯಾರೂ, ಎಲ್ಲಿಯೂ ಸಹಜವಾಗಿ ಬಳಸಬಹುದು ಅಂತ ಅದರ ಅರ್ಥ. ಎರಡು, ದಕ್ಷಿಣ ಭಾರತದ ಒಂದು ಕೆಳಜಾತಿಯವನು. ಇದರ ಹಿಂದೆ ಓರೆ ಅಕ್ಷರದಲ್ಲಿ 'ಹಿಸ್ಟಾರಿಕಲ್' ಎಂದಿತ್ತು. ಅಂದರೆ ಚಾರಿತ್ರಿಕ.

ನಾನು ಇದನ್ನು 'ಹಳೆಯ ಪದ' ಎಂದು ಓದಿಕೊಂಡಿದ್ದೆ. ತಪ್ಪು. ನಿಘಂಟಿನ ಮೊದಲ ಪುಟಗಳಲ್ಲಿ ಈ ಗುರುತುಗಳ ವಿವರ ಇರುತ್ತದೆ, ಅದನ್ನು ಯಾರೂ ಓದುವುದಿಲ್ಲ. ಅಲ್ಲಿ ನೋಡಿದೆ. 'ಡೇಟೆಡ್' ಅಂದರೆ ಪದ ಹಿಂದೆ ಸರಿಯುತ್ತಿದೆ, ಮುದುಕರ ಬಾಯಲ್ಲಿ ಉಳಿದಿದೆ. ಆ ವಸ್ತು ಬೇರೆ ಹೆಸರಿನಿಂದ ಬದುಕಿರಬಹುದು. ರೇಡಿಯೋಕ್ಕೆ ಇಂಗ್ಲಿಷಿನವರು 'ವೈರ್‌ಲೆಸ್' ಅನ್ನುತ್ತಿದ್ದ ಹಾಗೆ. 'ಹಿಸ್ಟಾರಿಕಲ್' ಅಂದರೆ ಹಾಗಲ್ಲ. ಪದ ಇದೆ, ಅದು ತೋರಿಸುವ ವಸ್ತುವೇ ಈಗ ಇಲ್ಲ. ನಮ್ಮ ಕಡೆಯ ಕುಲಕರ್ಣಿಕೆ ನೋಡಿ. ಕಾಯ್ದೆಯಿಂದ ಆ ವಂಶಪಾರಂಪರ್ಯ ಹುದ್ದೆ ಹೋಯಿತು, ಹೆಸರು ಉಳಿಯಿತು. ಕುಲಕರ್ಣಿಕೆಗೆ ಈ ಗುರುತು ಸರಿ.

ನಮಗೆ? 1950ರ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಕಾಗದದ ಮೇಲೆ ನಾವೂ ಚಾರಿತ್ರಿಕ. ಆದರೆ ನಾನು ಬಿ.ಎ. ಓದುವಾಗ ಒಂದೂರಿನ ಚಹಾದಂಗಡಿಯಲ್ಲಿ ನನಗೆ ಕೊಟ್ಟ ಗ್ಲಾಸು ಬೇರೆ ಗೂಟಕ್ಕೆ ತೂಗುಹಾಕಿತ್ತು. ಆ ಗೂಟಕ್ಕೆ ಯಾವ ಗುರುತು ಹಚ್ಚಲಿ?

ನಿಘಂಟಿನವರ ಮೇಲೆ ಸಿಟ್ಟಾಗಿ ಉಪಯೋಗವಿಲ್ಲ. ಅವರು ಅಚ್ಚಾದ ಬರಹಗಳನ್ನು ರಾಶಿ ಹಾಕಿ, ಯಾರು ಎಲ್ಲಿ ಹೇಗೆ ಬಳಸಿದ್ದಾರೆ ಎಂದು ನೋಡಿ ಗುರುತು ಹಚ್ಚುತ್ತಾರೆ. ಅಚ್ಚಿನಲ್ಲಿ ಬರದವರ ಬಾಯಿಮಾತು ಆ ರಾಶಿಗೆ ಸೇರುವುದು ಕಷ್ಟ. 'ಫಾರ್ಮಲ್', 'ಇನ್‌ಫಾರ್ಮಲ್' ಎನ್ನುವುದೂ ಸರಿತಪ್ಪಿನ ತೀರ್ಪಲ್ಲ, ಸಂದರ್ಭದ ಸೂಚನೆ. ಆದರೆ ನಮ್ಮೂರಲ್ಲಿ ಗೌಡರು 'ಲಿಂಗೈಕ್ಯ'ರಾಗುತ್ತಾರೆ, ನಮ್ಮಜ್ಜ 'ಸತ್ತ'. ಇಲ್ಲಿ ಬದಲಾದದ್ದು ಸಂದರ್ಭವಲ್ಲ, ಹೆಣ.

ನಮೂದಿನ ಕೊನೆಗೆ ಪದದ ಮೂಲ: ತಮಿಳಿನ 'ಪರೈಯರ್', 'ಪರೈ' ಅಂದರೆ ಚರ್ಮವಾದ್ಯ. ಹದಿನೇಳನೇ ಶತಮಾನದ ಆರಂಭ ಎಂದೂ ಇತ್ತು. ಆ ಕಾಲ ಇಂಗ್ಲಿಷ್ ಬರಹದಲ್ಲಿ ಪದ ಮೊದಲು ಸಿಕ್ಕ ಕಾಲ. ಪದ ಹುಟ್ಟಿದ ಕಾಲವಲ್ಲ, ವಾದ್ಯ ಹುಟ್ಟಿದ ಕಾಲವಂತೂ ಅಲ್ಲವೇ ಅಲ್ಲ.

ಮನೆಗೆ ಬಂದಾಗ ಅಪ್ಪ ಅಂಗಳದಾಗ ಬೆಂಕಿ ಹಚ್ಚಿ ಹಲಗಿ ಕಾಸಾಕತ್ತಿದ್ದ. ಮರುದಿನ ಊರಾಗ ಜಾತ್ರಿ. ಓದಿದ್ದನ್ನೆಲ್ಲ ಹೇಳಿದೆ.

"ಹಲಗಿ ಬಾರ್ಸೋರ ಹೆಸರು ಇಂಗ್ಲಿಷ್‌ನ್ಯಾಗ ಬೈಗಳಾತೇನು ತಮ್ಮಾ?" ಅಂದ.

"ಹೂಂ ಅಪ್ಪಾ. ಅಂಥಾ ಮಂದಿ ಈಗ ಇಲ್ಲ ಅಂತನೂ ಬರದಾರ."

ಅಪ್ಪ ಹಲಗಿ ಎತ್ತಿ ಬೆರಳಿನಿಂದ ತಟ್ಟಿ ನೋಡಿದ. ಚರ್ಮ ಇನ್ನೂ ಬಿಗಿಯಾಗಿರಲಿಲ್ಲ. ಮತ್ತೆ ಬೆಂಕಿಗೆ ಹಿಡಿದು ಅಂದ: "ನಾಳೆ ಮುಂಜಾನೆ ಹಲಗಿ ಕೇಳಿಸ್ಲಿಲ್ಲ ಅಂದ್ರ ಗೌಡ್ರ ಮನೀಂದ ಮನಷ್ಯಾ ಬರ್ತಾನ. ಅವಂಗೂ ಹಂಗ ಹೇಳು, ನಾವು ಇಲ್ಲ ಅಂತ."

ನನ್ನ ಟಿಪ್ಪಣಿ ಪುಸ್ತಕದಲ್ಲಿ ಎರಡನೇ ಅರ್ಥವನ್ನು ಬರೆದುಕೊಂಡಿದ್ದೆ. ಅದರ ಹಿಂದಿನ ಗುರುತನ್ನು ಹೊಡೆದುಹಾಕಲಿಲ್ಲ. ಪಕ್ಕದಲ್ಲಿ ಒಂದು ಪ್ರಶ್ನೆಚಿಹ್ನೆ ಹಾಕಿ, ಕೆಳಗೆ ನಮ್ಮೂರ ಹೆಸರು ಬರೆದೆ.