ಹಳೆಯ ಕಮಾನು ಚಾವಣಿಯ ಬಿರುಕುಗಳು



ನಮ್ಮ ಹಳೆಯ ಕಟ್ಟಡದ ಮೂಲೆಯ ಕೊಠಡಿಯನ್ನು ಕಳೆದ ಮಳೆಗಾಲದಿಂದ ಕೆಲವು ತಿಂಗಳು ಮುಚ್ಚಿಡಬೇಕಾಯಿತು. ಅದೇಕೆಂದು ನಿಮ್ಮಲ್ಲಿ ಅನೇಕರು ಕೇಳಿರುವಿರಿ. ಪೇಟೆಯ ಹಳೆಯ ಮನೆಗಳಲ್ಲಿ ವಾಸಿಸುವ ನಿಮ್ಮಲ್ಲಿ ಕೆಲವರ ತಲೆಯ ಮೇಲೆಯೂ ಇಂತಹ ಚಾವಣಿಯೇ ಇರಬಹುದಾದುದರಿಂದ, ನಾವು ತಿಳಿದುಕೊಂಡುದನ್ನು ಇಲ್ಲಿ ವಿವರವಾಗಿ ಬರೆಯುತ್ತೇವೆ.

ಈ ಬಗೆಯ ಚಾವಣಿಗೆ ಜಾಕ್ ಆರ್ಚ್ ಎಂದು ಹೆಸರು. ಕಬ್ಬಿಣದ ತೊಲೆಗಳ ಮೇಲೆ ಇಟ್ಟಿಗೆಯ ಕಮಾನು ಹೂಡುವ ಈ ಕ್ರಮವು ಬೆಂಕಿಯ ಭಯವಿದ್ದ ಇಂಗ್ಲೆಂಡಿನ ನೂಲಿನ ಕಾರ್ಖಾನೆಗಳಲ್ಲಿ ಬೆಳೆಯಿತು. 1797ರಲ್ಲಿ ಶ್ರೂಸ್‌ಬರಿಯಲ್ಲಿ ಕಟ್ಟಿದ ಕಾರ್ಖಾನೆಯು ಅದಕ್ಕೆ ಪ್ರಸಿದ್ಧವಾದ ನಿದರ್ಶನ. ನಮ್ಮ ಕೊಠಡಿಯು 24 ಅಡಿ ಉದ್ದ, 16 ಅಡಿ ಅಗಲ. ಅಗಲಕ್ಕೆ ಅಡ್ಡಲಾಗಿ 4 ಅಡಿಗೊಂದರಂತೆ ಐದು ತೊಲೆಗಳಿವೆ. ತೊಲೆಯ ಕೆಳ ಅಂಚಿನ ಮೇಲೆ ಪಾದವೂರಿ ನಾಲ್ಕೂವರೆ ಅಂಗುಲ ದಪ್ಪದ ಆರು ಕಮಾನುಗಳು ನಿಂತಿವೆ. ಅವುಗಳ ಮೇಲೆ ಸುಣ್ಣದ ಕಾಂಕ್ರೀಟು.

ಕಮಾನು ತನ್ನ ಎರಡು ಪಾದಗಳನ್ನೂ ಸದಾ ಹೊರಕ್ಕೆ ನೂಕುತ್ತಿರುತ್ತದೆ. ನಡುವಿನ ತೊಲೆಗಳಲ್ಲಿ ಎಡಬಲದ ನೂಕುಗಳು ಒಂದನ್ನೊಂದು ಸರಿದೂಗಿಸುತ್ತವೆ. ಕೊನೆಯ ಕಮಾನಿಗೆ ಅಂತಹ ಜೊತೆಯಿಲ್ಲವಾದ್ದರಿಂದ, ಅಲ್ಲಿ ತೊಲೆಯನ್ನೂ ಗೋಡೆಯನ್ನೂ ಕಬ್ಬಿಣದ ಸಲಾಕೆಗಳಿಂದ ಬಿಗಿದಿರುತ್ತಾರೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಬಿರುಕುಗಳ ಅರ್ಥವು ತಾನಾಗಿ ತಿಳಿಯುತ್ತದೆ. ಕಮಾನಿನ ನೆತ್ತಿಯಲ್ಲಿ ಉದ್ದಕ್ಕೂ ಬಿರುಕು ಬಿಟ್ಟಿದ್ದರೆ ಪಾದಗಳು ಸರಿದಿವೆಯೆಂದು ಶಂಕಿಸಿ, ಕೊನೆಯ ಸಲಾಕೆಗಳನ್ನೂ ಗೋಡೆಯನ್ನೂ ಪರೀಕ್ಷಿಸಬೇಕು. ತೊಲೆಯ ಅಂಚಿನ ಗುಂಟ ನೇರವಾದ ಬಿರುಕೂ ಕಂದು ಬಣ್ಣದ ಕಲೆಯೂ ಇದ್ದರೆ ತೊಲೆಯು ತುಕ್ಕು ಹಿಡಿದಿದೆಯೆಂದು ತಿಳಿಯಬೇಕು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಸ್ಥಳವನ್ನು ಬೇಡುವುದರಿಂದ ಗಾರೆಯನ್ನು ಸಿಡಿಸಿ ಹೊರಬರುತ್ತದೆ.

ನಮ್ಮಲ್ಲಿದ್ದುದು ಎರಡನೆಯ ಬಗೆ. ಹಿಂದೆ ಕೆಲಸ ಮಾಡಿದ್ದ ಗುತ್ತಿಗೆದಾರರೊಬ್ಬರು ಆ ಬಿರುಕಿಗೆ ಸಿಮೆಂಟು ಮೆತ್ತಿ ಸುಣ್ಣ ಬಳಿದಿದ್ದರು. ಎರಡೇ ಮಳೆಗಾಲಗಳಲ್ಲಿ ಆ ಸಿಮೆಂಟು ಹಾಳೆಯಂತೆ ಕಳಚಿ ಬೆಂಚಿನ ಮೇಲೆ ಬಿದ್ದಿತು. ಅಂದು ರಜೆಯಾಗಿದ್ದುದು ಭಾಗ್ಯ. ಚಾವಣಿಯನ್ನೇ ಕೆಡವಿರೆಂದು ಕೆಲವರು ಹೇಳಿದರು. ನಾವು ಇಂಜಿನಿಯರರನ್ನು ಕರೆಸಿದೆವು.

ಅವರು ಮೊದಲು ಹತ್ತಿದ್ದು ತಾರಸಿಯ ಮೇಲಕ್ಕೆ. ನೀರು ಹೊರಹೋಗುವ ತೂಬು ಎಲೆಗಳಿಂದ ಕಟ್ಟಿತ್ತು. ಸೋರಿದಾಗಲೆಲ್ಲ ಹಳೆಯದರ ಮೇಲೆ ಹೊಸ ಪದರ ಹಾಕುತ್ತ ಬಂದು, ಕಾಂಕ್ರೀಟು 3 ಅಂಗುಲ ಹೆಚ್ಚು ದಪ್ಪವಾಗಿತ್ತು. ಒಂದು ಅಂಗುಲ ದಪ್ಪಕ್ಕೆ ಚದರಡಿಗೆ ಸುಮಾರು 10 ಪೌಂಡು ಭಾರವೆಂದರೆ, ಈ ಕೊಠಡಿಯೊಂದರ ಮೇಲೆಯೇ ಬೇಡದ 5 ಟನ್ ಹೊರೆ ಕುಳಿತಿದ್ದಿತು!

ಬಳಿಕ ಎಲ್ಲ ತೊಲೆಗಳಿಗೂ ಕಮಾನುಗಳಿಗೂ ಆಸರೆಯ ಕಂಬಗಳನ್ನು ಕೊಟ್ಟರು. ಒಂದು ಕಮಾನನ್ನು ಬಿಚ್ಚಿದರೆ ನೆರೆಯ ಕಮಾನಿನ ನೂಕಿಗೆ ಎದುರಿಲ್ಲದಂತಾಗಿ, ಸಾಲಾಗಿ ಎಲ್ಲವೂ ಕುಸಿಯಬಹುದು. ಆದುದರಿಂದ ಆಸರೆಯಿಲ್ಲದೆ ಒಂದು ಇಟ್ಟಿಗೆಯನ್ನೂ ಕೀಳಲಾಗದು. ಮೇಲಿನ ಹೆಚ್ಚಿನ ಪದರಗಳನ್ನು ಎರಡು ಕಡೆಗೂ ಸಮನಾಗಿ ಇಳಿಸಿದ ಮೇಲೆ, ತೊಲೆಗಳ ಸಡಿಲ ಗಾರೆಯನ್ನು ಕೆತ್ತಿ, ಸುತ್ತಿಗೆಯಿಂದಲೂ ತಂತಿಯ ಕುಂಚದಿಂದಲೂ ತುಕ್ಕನ್ನು ತೆಗೆದು, ಉಳಿದ ದಪ್ಪವನ್ನು ಅಳೆದರು. ನಾಲ್ಕು ತೊಲೆಗಳ ಕೆಳ ಅಂಚು ಮೊದಲಿನ 10 ಮಿಲಿಮೀಟರಿನಲ್ಲಿ 9 ಉಳಿದಿತ್ತು. ಅವುಗಳಿಗೆ ತುಕ್ಕು ತಡೆಯುವ ಬಣ್ಣವನ್ನು ಎರಡು ಸಲ ಬಳಿದುದು ಸಾಕಾಯಿತು. ತೂಬಿನ ಕೆಳಗಿನ ತೊಲೆಯಲ್ಲಿ ಮಾತ್ರ ಗೋಡೆಯ ಬಳಿ 5 ಉಳಿದಿದ್ದಿತು. ಇದನ್ನು ಬಣ್ಣವು ಕಾಪಾಡಲಾರದು. ಅದರ ಕೆಳಗೆ ಗೋಡೆಯಿಂದ ಗೋಡೆಗೆ ಹೊಸ ತೊಲೆಯನ್ನು ಕಲ್ಲಿನ ದಿಂಡುಗಳ ಮೇಲೆ ಕೂರಿಸಿ, ನಡುವಣ ಸಂದಿಗೆ ಕಬ್ಬಿಣದ ತಗಡುಗಳನ್ನು ಬಿಗಿಯಾಗಿ ತುಂಬಿದರು. ಕೊಠಡಿಯು ಎತ್ತರವಾದುದರಿಂದ ತೊಂದರೆಯೇನೂ ಆಗಲಿಲ್ಲ.

ಆ ತೊಲೆಯ ಪಕ್ಕದ ಕಮಾನಿನ ಇಟ್ಟಿಗೆಗಳು ಸಡಿಲವಾಗಿದ್ದುವು. ಕೆಳಗೆ ಮರದ ಅಚ್ಚು ಕೊಟ್ಟು, ನೆನೆಸಿದ ಇಟ್ಟಿಗೆಗಳನ್ನು ಎರಡು ಪಾದಗಳಿಂದಲೂ ಮೇಲಕ್ಕೆ ಕಟ್ಟುತ್ತ ಬಂದು, ನೆತ್ತಿಯ ಇಟ್ಟಿಗೆಯನ್ನು ಕೊನೆಗೆ ಬಿಗಿದರು. ಗಾರೆಯು ಒಂದು ಪಾಲು ಸುಣ್ಣ, ಎರಡು ಪಾಲು ಇಟ್ಟಿಗೆಯ ನಯವಾದ ಪುಡಿ. ಹಳೆಯ ಮೆತು ಇಟ್ಟಿಗೆಗೆ ಸಿಮೆಂಟು ಅತಿ ಗಡುಸು. ಒಳಗಿನ ತೇವವನ್ನೂ ಅದು ಹೊರಬಿಡದು. ಸುಣ್ಣವು ನಿಧಾನವಾಗಿ ಗಟ್ಟಿಯಾಗುವುದರಿಂದ ಅಚ್ಚನ್ನು ನಾಲ್ಕು ವಾರ ತೆಗೆಯಲಿಲ್ಲ. ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣದ ಕಾಂಕ್ರೀಟನ್ನು ಮರದ ಕೊಡತಿಗಳಿಂದ ಬಡಿದು, ತೂಬಿನ ಕಡೆಗೆ ಇಳಿಜಾರು ಮಾಡಿದರು.

ಸರಿಪಡಿಸಿದ ಮೇಲೆ ಕಮಾನಿನ ಒಂದು ಹಳೆಯ ಸೀಳಿಗೆ ಅಡ್ಡಲಾಗಿ ಗಾಜಿನ ಪಟ್ಟಿಯೊಂದನ್ನು ಗಾರೆಯಿಂದ ಅಂಟಿಸಿರುವೆವು. ಚಾವಣಿಯು ಅಲುಗಿದರೆ ಗಾಜು ಮೊದಲು ಒಡೆಯುವುದು. ಈವರೆಗೆ ಅದು ಒಡೆದಿಲ್ಲ. ಹುಡುಗಿಯರು ಮತ್ತೆ ಅಲ್ಲಿ ಕುಳಿತು ಓದುತ್ತಿದ್ದಾರೆ. ಮಳೆಗೆ ಮುನ್ನ ತೂಬಿನ ಎಲೆಗಳನ್ನು ತೆಗೆಸುವ ಕೆಲಸವನ್ನು ಶಾಲೆಯ ವರ್ಷದ ಪಟ್ಟಿಯಲ್ಲಿ ಬರೆದಿಟ್ಟಿದ್ದೇವೆ.