ಕಣದಾಗಿನ ಖೋ ಖೋ

ಬೆಳಿಗ್ಗೆ ಐದಕ್ಕೆ ನಮ್ಮ ರಾಂಪುರದ ಬಳ್ಳಾರಿ ರಸ್ತೆಗೆ ಬಂದು ನಿಂತರೆ ಓಡುವ ಹುಡುಗರು ಕಾಣುತ್ತಾರೆ. ಪೊಲೀಸ್ ಕಾನ್‌ಸ್ಟೇಬಲ್ ಆಗಬೇಕಾದರೆ ಹುಡುಗರು 1600 ಮೀಟರನ್ನು ಆರೂವರೆ ನಿಮಿಷದೊಳಗೆ ಮುಗಿಸಬೇಕಲ್ಲ, ಅದಕ್ಕೆ ಹೈವೇನೇ ಟ್ರ್ಯಾಕು. ಅವರ ಹಿಂದೆ ಅವರ ತಮ್ಮಂದಿರು, ತಂಗಿಯರು ಬರಿಗಾಲಲ್ಲಿ ಓಡ್ತಾರೆ. ಲಾರಿ ಬಂದಾಗ ಪಕ್ಕದ ಜಾಲಿ ಗಿಡಕ್ಕೆ ಹಾರಿ ನಿಲ್ತಾರೆ. ಅದನ್ನು ನೋಡಿ ನೋಡಿ ಒಂದು ದಿನ ನನಗೆ ತಡೆಯಲಾಗಲಿಲ್ಲ.

ನನ್ನದು ಒಂದು ಜೆರಾಕ್ಸ್ ಅಂಗಡಿ. ಕಾಲೇಜಿನಲ್ಲಿ ಮೂರು ವರ್ಷ ಖೋ ಖೋ ಆಡಿದ್ದೇ ನನ್ನ ಅರ್ಹತೆ. ಕೋಚಿಂಗಿನ ಸರ್ಟಿಫಿಕೇಟು ಗಿರ್ಟಿಫಿಕೇಟು ಏನೂ ಇಲ್ಲ. ಶೇಂಗಾ ಒಕ್ಕಿ ಮುಗಿದ ಮೇಲೆ ಖಾಲಿ ಬಿದ್ದಿದ್ದ ನಮ್ಮ ದೊಡ್ಡಪ್ಪನ ಕಣ ಕೇಳಿದೆ. "ಮುಂಗಾರು ಬರೋತನಕ ಇಟ್ಕೋ, ಆಮೇಲೆ ನಂಗೆ ಬೇಕು" ಅಂದ್ರು. ಜನವರಿಯಲ್ಲಿ ಇಪ್ಪತ್ತೆರಡು ಮಕ್ಕಳೊಂದಿಗೆ ಶುರು ಮಾಡಿದೆ. ತಿಂಗಳಿಗೆ ನೂರು ರೂಪಾಯಿ, ಕೊಡೋಕಾಗದವರಿಗೆ ಇಲ್ಲ.

ಖೋ ಖೋನೇ ಯಾಕೆ ಅಂದರೆ ಅದಕ್ಕೆ ಚೆಂಡು ಬೇಡ, ಬ್ಯಾಟು ಬೇಡ. 27 ಮೀಟರ್ ಉದ್ದ, 16 ಮೀಟರ್ ಅಗಲದ ಅಂಕಣ, ಎರಡು ಕಂಬ, ಅಷ್ಟೇ. ಮೂಲೆಗಳು ಸೊಟ್ಟ ಆಗಬಾರದು ಅಂತ ನಮ್ಮೂರ ಗಾರೆ ಕೆಲಸದವರು ಮಾಡೋ ಹಾಗೇ ಮಾಡಿದೆ. ಹಗ್ಗದಲ್ಲಿ ಒಂದು ಕಡೆ ಮೂರು ಮೀಟರ್, ಇನ್ನೊಂದು ಕಡೆ ನಾಲ್ಕು ಮೀಟರ್ ಹಿಡಿದು, ಅವುಗಳ ತುದಿಯಿಂದ ತುದಿಗೆ ಐದು ಮೀಟರ್ ಬಂದರೆ ಮೂಲೆ ಸರಿ. ಕೊನೆಗೆ ಕರ್ಣ ಎರಡನ್ನೂ ಅಳೆದೆ. ಎರಡೂ ಮೂವತ್ತೊಂದು ಮೀಟರ್ ಮೂವತ್ತೆಂಟು ಸೆಂಟಿಮೀಟರಿನ ಹತ್ರ ಬಂದವು. ಗೆರೆಗೆ ಸುಣ್ಣ ಹಾಕೋದು ಬಿಟ್ಟು ಒಲೆ ಬೂದಿ ಹಾಕಿದೆ. ಬರಿಗಾಲಿನ ಮಕ್ಕಳಿಗೆ ಸುಣ್ಣ ಸುಡುತ್ತೆ. ಕಂಬಕ್ಕೆ ಬೇವಿನ ಮರ, ಎದೆಮಟ್ಟದ ಎತ್ತರ. ಮಕ್ಕಳು ಓಡಿ ಬಂದು ಅದನ್ನು ಹಿಡಿದೇ ತಿರುಗೋದರಿಂದ ಸಿಬಿರು ಏಳದ ಹಾಗೆ ಉಜ್ಜಿ ನುಣ್ಣಗೆ ಮಾಡಿಸಿದೆ. ಇದೆಲ್ಲ ಚೆನ್ನಾಗೇ ಆಯ್ತು. ತಪ್ಪಾಗಿದ್ದು ಬೇರೆ ಕಡೆ.

ಮಕ್ಕಳಿಗೆ ದಮ್ಮು ಬರಲಿ ಅಂತ, ಆಟಕ್ಕೆ ಮುಂಚೆ ದಿನಾ ಮೂರು ಕಿಲೋಮೀಟರ್ ಡಾಂಬರು ರಸ್ತೆಯಲ್ಲಿ ಓಡಿಸಿದೆ. ದೊಡ್ಡ ಹುಡುಗರು ಮಾಡೋದನ್ನೇ ಚಿಕ್ಕವರ ಕೈಲೂ ಮಾಡಿಸಿದೆ. ಆಮೇಲೆ ಕಣದಲ್ಲಿ ಒಂದು ಗಂಟೆ ಆಟ. ಒಂದು ತಿಂಗಳಾಗಿತ್ತು. ಏಳನೇ ಕ್ಲಾಸಿನ ಒಬ್ಬ ಹುಡುಗಿ, ನಮ್ಮಲ್ಲೇ ಚುರುಕಾದವಳು, "ಅಣ್ಣಾ, ಹಿಮ್ಮಡಿ ನೋಯ್ತದೆ" ಅಂದಳು. ಮುಳ್ಳು ಚುಚ್ಚಿರಬೇಕು ಅಂತ ಅವಳಮ್ಮ ಪಿನ್ನು ತಗೊಂಡು ಹುಡುಕಿದ್ದರಂತೆ. ನಾನು ಇನ್ನೂ ಬುದ್ಧಿವಂತ. "ಓಡ್ತಾ ಓಡ್ತಾ ಹೋಗುತ್ತೆ ಬಿಡು" ಅಂದೆ. ಆಟದ ಮಧ್ಯೆ ಮೈ ಬಿಸಿಯಾದಾಗ ನಿಜಕ್ಕೂ ಕಡಿಮೆ ಆಗ್ತಿತ್ತು. ಅದೇ ನನ್ನನ್ನು ಮೋಸ ಮಾಡಿದ್ದು. ಎರಡು ವಾರ ಆದ ಮೇಲೆ ಅವಳು ಹಿಮ್ಮಡಿ ನೆಲಕ್ಕೆ ಊರದೆ ತುದಿಗಾಲಲ್ಲಿ ಶಾಲೆಗೆ ಹೋಗೋದನ್ನು ಅಂಗಡಿಯಿಂದಲೇ ನೋಡಿದೆ. ಅವತ್ತು ನನಗೆ ಊಟ ಸೇರಲಿಲ್ಲ.

ಬಳ್ಳಾರಿಗೆ ಮೂಳೆ ಡಾಕ್ಟರ ಹತ್ರ ಅವಳಪ್ಪನ ಜೊತೆ ನಾನೂ ಹೋದೆ. ಅವರು ಹಿಮ್ಮಡಿಯ ಅಡಿ ಮುಟ್ಟಲೇ ಇಲ್ಲ. ಎರಡೂ ಪಕ್ಕಗಳನ್ನು ಅಂಗೈಯಿಂದ ಒತ್ತಿದರು. ಹುಡುಗಿ ಚೀರಿದಳು. ಇದು ಎಂಟರಿಂದ ಹದಿನಾಲ್ಕು ವರ್ಷದ ಆಟದ ಮಕ್ಕಳಲ್ಲಿ ಬರೋದೇ ಅಂತ ಹೇಳಿ ಬಿಡಿಸಿ ತಿಳಿಸಿದರು. ಆ ವಯಸ್ಸಿನಲ್ಲಿ ಹಿಮ್ಮಡಿ ಮೂಳೆಯ ಹಿಂಭಾಗದಲ್ಲಿ ಬೆಳೆಯೋ ಮೃದು ಪದರ ಒಂದು ಇನ್ನೂ ಗಟ್ಟಿಯಾಗಿರೋದಿಲ್ಲ. ಮೀನಖಂಡದಿಂದ ಇಳಿದು ಬರೋ ದಪ್ಪ ನರದಂಥ ಕಟ್ಟು ಬಂದು ಅಂಟೋದು ಅಲ್ಲಿಗೇ. ಮೂಳೆ ಸರಸರನೆ ಬೆಳೆಯುವಾಗ ಆ ಕಟ್ಟು ಬಿಗಿಯಾಗುತ್ತೆ. ಓಡಿದಾಗ, ನೆಗೆದಾಗ ಪ್ರತಿ ಸಲವೂ ಮೃದು ಜಾಗವನ್ನೇ ಜಗ್ಗುತ್ತೆ. ಗಟ್ಟಿ ನೆಲ, ಬರಿಗಾಲು, ದಿನವೂ ಓಟ ಸೇರಿದರೆ ಅದು ಊದಿ ನೋಯುತ್ತೆ. ಮೂಳೆ ಬೆಳೆದು ಕೂಡಿಕೊಂಡ ಮೇಲೆ ನೋವು ತಾನೇ ಹೋಗುತ್ತೆ, ಕಾಲು ಕೆಡೋದಿಲ್ಲ. ಆದರೆ ಅಲ್ಲಿವರೆಗೆ ಹೊರೆ ಇಳಿಸಬೇಕು. ಓಟ, ನೆಗೆತ ಸ್ವಲ್ಪ ದಿನ ಬಂದ್, ಚಪ್ಪಲಿಯೊಳಗೆ ಹಿಮ್ಮಡಿಗೆ ಮೆತ್ತೆ, ಮೀನಖಂಡ ಹಿಗ್ಗಿಸೋ ವ್ಯಾಯಾಮ. ರಾತ್ರಿ ನಿದ್ದೆಯಿಂದ ಎಬ್ಬಿಸೋ ನೋವು, ಜ್ವರ, ಕಣ್ಣಿಗೆ ಕಾಣೋ ಬಾವು ಇದ್ದರೆ ಇದೇ ಅಂದ್ಕೊಂಡು ಕೂರಬೇಡಿ, ಅದು ಬೇರೆ ಏನೋ ಇರುತ್ತೆ, ತಕ್ಷಣ ತೋರಿಸಿ ಅಂದರು.

ವಾಪಸ್ ಬರುವಾಗ ಬಸ್ಸಲ್ಲಿ ಅವಳಪ್ಪ ಮಾತಾಡಲಿಲ್ಲ. ಊರು ಬಂದ ಮೇಲೆ, "ಇನ್ನು ಸಾಕು ಬಿಡಪ್ಪ. ಖೋ ಖೋ ಆಡಿ ಏನಾಗ್ಬೇಕು ಅವಳಿಗೆ?" ಅಂದರು. ನಾನು ಮೊಬೈಲ್ ತೆಗೆದು ಬಿ. ಚೈತ್ರಾ ಫೋಟೋ ತೋರಿಸಿದೆ. ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಹುಡುಗಿ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿದ್ದವಳು. ಅವರು ಸುಮಾರು ಹೊತ್ತು ನೋಡಿದರು. ಫೋನು ವಾಪಸ್ ಕೊಡುತ್ತಾ, "ಆಯಮ್ಮಂಗೆ ಹೇಳಿಕೊಡೋಕೆ ಗೊತ್ತಿರೋರು ಇದ್ರು" ಅಂದರು.

ಅವರು ಬೈದಿದ್ದರೆ ನಾನು ಏನಾದರೂ ಉತ್ತರ ಕೊಡ್ತಿದ್ದೆನೋ ಏನೋ.

ಮಾರನೇ ದಿನದಿಂದ ಡಾಂಬರು ರಸ್ತೆಯ ಓಟ ನಿಲ್ಲಿಸಿದೆ. ಮೈ ಬಿಸಿ ಮಾಡೋದೂ ಅಂಕಣದೊಳಗೇ, ಹತ್ತು ನಿಮಿಷ. ಹಾಗೆ ನೋಡಿದರೆ ಖೋ ಖೋಗೆ ಮೂರು ಕಿಲೋಮೀಟರ್ ಓಟ ಬೇಕಾಗೇ ಇರಲಿಲ್ಲ. ಕೂತಲ್ಲಿಂದ ಚಂಗನೆ ಎದ್ದು, ಹತ್ತು ಹದಿನೈದು ಹೆಜ್ಜೆ ಬಿರುಸಾಗಿ ಓಡಿ, ಬೆನ್ನು ಮುಟ್ಟಿ ಖೋ ಅಂದು ಮತ್ತೆ ಕೂರೋ ಆಟ ಅದು. ವಾರಕ್ಕೆ ಮೂರು ದಿನ ಅಟ್ಟಿಸಿಕೊಂಡು ಓಡೋ ಆಟ ಇಟ್ಟೆ. ಎರಡು ದಿನ ಕೂರೋದು ಏಳೋದು, ಕಂಬ ಹಿಡಿದು ತಿರುಗೋದು, ಯಾವ ಕಡೆ ಮುಖ ಮಾಡಿ ಕೂತವರಿಗೆ ಖೋ ಕೊಡಬೇಕು ಅಂತ ಯೋಚಿಸೋದು. ಎರಡು ದಿನ ರಜೆ. ಕಣ ಕಲ್ಲಿನಷ್ಟು ಗಟ್ಟಿಯಾಗಿತ್ತು. ಅದನ್ನು ಒಂದು ಬೆರಳು ಆಳ ಕೆರೆದು, ಹಳ್ಳದ ಮರಳು ಬೆರೆಸಿ, ಹಿಂದಿನ ಸಂಜೆ ನೀರು ಚಿಮುಕಿಸಿದೆ.

ಇನ್ನೊಂದು ಅಭ್ಯಾಸ ಮಾಡಿಕೊಂಡೆ. ಬಂದ ತಕ್ಷಣ ಪ್ರತಿ ಮಗುವೂ ಹತ್ತು ಹೆಜ್ಜೆ ತುದಿಗಾಲಲ್ಲಿ, ಹತ್ತು ಹೆಜ್ಜೆ ಹಿಮ್ಮಡಿಯಲ್ಲಿ ನಡೆದು, ಆಮೇಲೆ ಒಂದೊಂದೇ ಕಾಲಲ್ಲಿ ಹತ್ತು ಸಲ ಕುಪ್ಪಳಿಸಬೇಕು. ನೋವಿದೆಯಾ ಅಂತ ಕೇಳಿದರೆ ಮಕ್ಕಳು ಇಲ್ಲ ಅಂತಾರೆ, ಆಟ ತಪ್ಪಿಹೋಗುತ್ತಲ್ಲ. ಕುಪ್ಪಳಿಸುವಾಗ ಮುಖ ಸುಳ್ಳು ಹೇಳೋದಿಲ್ಲ. ಮುಖ ಕಿವುಚಿದವರಿಗೆ ಅವತ್ತು ಓಟ ಇಲ್ಲ. ಹೀಗೆ ಇನ್ನಿಬ್ಬರು ಸಿಕ್ಕರು. ಒಬ್ಬನಿಗೆ ನೋವಿದ್ದದ್ದು ಮಂಡಿಚಿಪ್ಪಿನ ಕೆಳಗೆ. ಒಂದು ವಾರ ಓಟ ಬಿಡಿಸಿದರೂ ಕಡಿಮೆ ಆಗದೆ ಅವನನ್ನೂ ಬಳ್ಳಾರಿಗೆ ಕಳಿಸಿದೆ.

ಆ ಹುಡುಗಿ ಐದು ವಾರ ಬರಲಿಲ್ಲ. ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಅಪ್ಪನ ಜೊತೆ ಕಣದ ಅಂಚಿಗೆ ಬಂದಳು. ಅವರು ಮಾತಾಡದೆ ಸಾಲಲ್ಲಿ ನಿಂತ ಮಕ್ಕಳು ಕುಪ್ಪಳಿಸೋದನ್ನೆಲ್ಲ ನೋಡಿದರು. "ಇದ್ಯಾಕೆ?" ಅಂತ ಕೇಳಿದರು. ಹೇಳಿದೆ. "ಇವಳನ್ನೂ ಕುಣಿಸಿ ನೋಡು" ಅಂದರು. ಕುಪ್ಪಳಿಸಿದಳು, ಎಡಗಾಲಲ್ಲಿ ಹತ್ತು, ಬಲಗಾಲಲ್ಲಿ ಹತ್ತು. ನಾನು ಮುಖ ನೋಡಿದೆ, ಅವರೂ ನೋಡಿದರು. ಮೊದಲ ವಾರ ಬರೀ ಕೂತು ಏಳಿಸಿದೆ, ಎರಡನೇ ವಾರ ಅರ್ಧ ಆಟ ಕೊಟ್ಟೆ.

ಜೂನ್‌ನಲ್ಲಿ ಮಳೆ ಬಿತ್ತು, ದೊಡ್ಡಪ್ಪ ಕಣ ವಾಪಸ್ ತಗೊಂಡರು. ಬೇವಿನ ಕಂಬ ಎರಡೂ ಈಗ ಅಂಗಡಿಯ ಹಿಂದಿವೆ. ಮಕ್ಕಳು ದಿನಾ ಬಂದು, ಅಣ್ಣಾ ಜಾಗ ಸಿಕ್ತಾ ಅಂತ ಕೇಳ್ತಾರೆ. ಸಿಕ್ಕಿಲ್ಲ. ಬೆಳಿಗ್ಗೆ ಐದಕ್ಕೆ ಬಳ್ಳಾರಿ ರಸ್ತೆಯಲ್ಲಿ ಅವರಲ್ಲಿ ಕೆಲವರು ಮತ್ತೆ ಅಣ್ಣಂದಿರ ಹಿಂದೆ ಓಡ್ತಿದ್ದಾರೆ. ಆ ಹುಡುಗಿ ಮಾತ್ರ ಇಲ್ಲ. ಡಾಂಬರು ಮೇಲೆ ಓಡಬೇಡ ಅಂತ ಅವಳಪ್ಪ ಹೇಳಿದ್ದಾರಂತೆ. ಶೇಂಗಾ ಕೀಳೋತನಕ ಕಾಯ್ತೀವಿ ಅಂತಾನೂ ಹೇಳಿಕಳಿಸಿದ್ದಾರೆ.