ಯಾವ ಊರಿನ ತಿಥಿ?

ಜರ್ಮನಿಯಲ್ಲಿ ಓದುತ್ತಿರುವ ನನ್ನ ಸೋದರಳಿಯನಿಂದ ಒಂದು ನವೆಂಬರಿನಲ್ಲಿ ದೀರ್ಘವಾದ ಪತ್ರ ಬಂತು. ತಂದೆಯ ಎರಡನೆಯ ವರ್ಷದ ಶ್ರಾದ್ಧ ಸಮೀಪಿಸಿತ್ತು. ಅದೇ ವಾರ ಅವನ ಪರೀಕ್ಷೆಯೂ ಇತ್ತು. ‘ಮಾವ, ನಾನು ಬರುವ ಹಾಗಿಲ್ಲ. ಊರಿನ ಭಟ್ಟರ ಮೂಲಕ ಮಾಡಿಸಬೇಕು. ಆದರೆ ಇಲ್ಲಿಗೆ ಲೆಕ್ಕ ಹಾಕಿದ ಪಂಚಾಂಗ ಸೋಮವಾರ ಎನ್ನುತ್ತದೆ, ಊರಿನದು ಮಂಗಳವಾರ. ಅಪ್ಪನ ದಿನ ಯಾವುದು?’ ಎಂದು ಬರೆದಿದ್ದ.

ಪ್ರಶ್ನೆ ಸಣ್ಣದಲ್ಲ. ಹೊನ್ನಾವರದ ಕಡೆಯ ನಮ್ಮ ಪುರೋಹಿತರೊಡನೆ ಪುಣೆಯಿಂದ ಎರಡು ಸಂಜೆ ಮಾತನಾಡಿದ ಮೇಲೆ ಅದರ ಗಂಟು ನನಗೆ ಬಿಡಿಸಿತು.

ತಿಥಿಯೆಂಬುದು ಚಂದ್ರನು ಸೂರ್ಯನಿಂದ 12 ಅಂಶ ದೂರ ಸರಿಯುವ ಅವಧಿ. ಅದು ಲೋಕಕ್ಕೆಲ್ಲ ಒಂದೇ ಕ್ಷಣದಲ್ಲಿ ಆರಂಭವಾಗಿ ಒಂದೇ ಕ್ಷಣದಲ್ಲಿ ಮುಗಿಯುತ್ತದೆ. ಶ್ರಾದ್ಧದ ದಿನವನ್ನು ನಿಶ್ಚಯಿಸುವುದು ಮಾತ್ರ ಅಪರಾಹ್ಣ. ಹಗಲನ್ನು ಐದು ಪಾಲು ಮಾಡಿದರೆ ನಾಲ್ಕನೆಯ ಪಾಲೇ ಅಪರಾಹ್ಣ. ಆ ಹೊತ್ತಿನಲ್ಲಿ ಮೃತತಿಥಿ ಇರಬೇಕು. ಅಪರಾಹ್ಣವಾದರೋ ಊರೂರಿಗೆ ಬೇರೆ.

ಆ ವರ್ಷ ಪಂಚಮಿ ನಮ್ಮ ಗಡಿಯಾರದಲ್ಲಿ ಸೋಮವಾರ ಸಂಜೆ 4 ಗಂಟೆಗೆ ಆರಂಭವಾಗಿ ಮಂಗಳವಾರ 4.30ಕ್ಕೆ ಮುಗಿಯುತ್ತಿತ್ತು. ಊರಿನಲ್ಲಿ ಅಪರಾಹ್ಣ ಸುಮಾರು 1.30ರಿಂದ 3.45ರವರೆಗೆ. ಸೋಮವಾರ ಆ ಹೊತ್ತಿಗೆ ಪಂಚಮಿ ಬಂದಿರಲೇ ಇಲ್ಲ. ಮಂಗಳವಾರ ಪೂರ್ತಿ ಇತ್ತು. ಚಳಿಗಾಲದಲ್ಲಿ ಜರ್ಮನಿ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಅಲ್ಲಿ ಅದೇ ಪಂಚಮಿ ಸೋಮವಾರ ಬೆಳಿಗ್ಗೆ 11.30ಕ್ಕೆ ಬಂದು ಮಂಗಳವಾರ ಮಧ್ಯಾಹ್ನ 12ಕ್ಕೆ ಹೋಗುತ್ತಿತ್ತು. ಆ ಗಿಡ್ಡ ಹಗಲಿನಲ್ಲಿ ಅಪರಾಹ್ಣ ಹೆಚ್ಚುಕಡಿಮೆ ಒಂದರಿಂದ ಮೂರು ಗಂಟೆ. ಆದ್ದರಿಂದ ಅಲ್ಲಿಗೆ ಸೋಮವಾರವೇ ಸರಿ. ಎರಡು ಪಂಚಾಂಗಗಳಲ್ಲಿ ಯಾವುದೂ ತಪ್ಪಿರಲಿಲ್ಲ.

ಹಾಗಾದರೆ ಯಾವ ಊರಿನದನ್ನು ಹಿಡಿಯಬೇಕು? ಭಟ್ಟರ ಉತ್ತರ ಸರಳವಾಗಿತ್ತು: ‘ಸಂಕಲ್ಪದಲ್ಲಿ ಯಾವ ನೆಲದ ಹೆಸರು ಹೇಳುತ್ತೇವೋ ಆ ನೆಲದ ತಿಥಿ.’ ನಮ್ಮ ಕಡೆ ಸಂಕಲ್ಪ ಮಾಡುವಾಗ ಗೋದಾವರಿಯ ದಕ್ಷಿಣ ತೀರವೆಂದು ಸ್ಥಳವನ್ನು ಹೇಳುತ್ತಾರೆ. ಪುಣೆಯಲ್ಲಿರುವ ನಮಗೂ ಆ ಮಾತು ಒಪ್ಪುತ್ತದೆ. ದೆಹಲಿಯ ಮಿತ್ರರಿಗೆ ಒಪ್ಪುವುದಿಲ್ಲ. ಹುಡುಗ ತಾನಿರುವಲ್ಲಿಯೇ ಕೈಯಾರೆ ಮಾಡುವುದಾದರೆ ಸೋಮವಾರ. ಪಿಂಡ ಊರಿನಲ್ಲಿ ಬೀಳುವುದಾದರೆ ಮಂಗಳವಾರ. ಹಣ ಎಲ್ಲಿಂದ ಬಂತೆಂಬುದು ಲೆಕ್ಕಕ್ಕಿಲ್ಲ.

ಅವನ ಚಿಕ್ಕಪ್ಪ ಊರಿನಲ್ಲಿಯೇ ಇದ್ದಾರೆ, ಸಗೋತ್ರದವರು. ಅವರು ಪ್ರತಿನಿಧಿಯಾಗಿ ಕುಳಿತುಕೊಳ್ಳುವುದೆಂದು ನಿಶ್ಚಯವಾಯಿತು. ಆದರೂ ಪಿತೃಗಳ ಎಣಿಕೆ ಹುಡುಗನಿಂದಲೇ ಆರಂಭವಾಗಬೇಕು: ಅವನ ತಂದೆ, ಅಜ್ಜ, ಮುತ್ತಜ್ಜ. ಭಟ್ಟರು ಗೋತ್ರದೊಡನೆ ಮೂರು ಹೆಸರನ್ನೂ ಅವನಿಂದಲೇ ಬರೆಸಿ ತರಿಸಿಕೊಂಡರು. ಅಕ್ಕನನ್ನು ಕೇಳಿ ಪಟ್ಟಿ ಸಿದ್ಧಪಡಿಸಿದ ಹುಡುಗ ಮತ್ತೆ ಬರೆದ: ‘ಒಂದೇ ಹೆಸರು ಎರಡು ಸಲ ಬಂದಿದೆ, ಅಮ್ಮನಿಗೆ ಮರೆತಿರಬೇಕು.’ ಅಮ್ಮನಿಗೆ ಮರೆತಿರಲಿಲ್ಲ. ಹಿರಿಯ ಮಗನಿಗೆ ಅಜ್ಜನ ಹೆಸರಿಡುವ ಮನೆಗಳಲ್ಲಿ ತಂದೆಗೂ ಮುತ್ತಜ್ಜನಿಗೂ ಒಂದೇ ಹೆಸರಿರುತ್ತದೆ. ಮಂತ್ರದಲ್ಲಿ ಅವರು ಬೆರೆಯುವುದಿಲ್ಲ. ತಂದೆ ವಸುರೂಪ, ಅಜ್ಜ ರುದ್ರರೂಪ, ಮುತ್ತಜ್ಜ ಆದಿತ್ಯರೂಪ. ಪರೀಕ್ಷೆಯ ನಡುವೆ ಹುಡುಗ ತನ್ನ ವಂಶದ ಈ ಕ್ರಮವನ್ನು ಮೊದಲ ಬಾರಿಗೆ ಅರಿತದ್ದು ಹೀಗೆ.

ಬ್ರಾಹ್ಮಣಭೋಜನದ ಅಡುಗೆ ಅಕ್ಕನ ಮನೆಯಲ್ಲಿಯೇ ಆಯಿತು. ಅದೂ ಸಾಧ್ಯವಿಲ್ಲದಿದ್ದರೆ ಅಕ್ಕಿ, ಬೇಳೆ, ತರಕಾರಿಗಳನ್ನು ಕೊಡುವ ಆಮಶ್ರಾದ್ಧವುಂಟು. ಅದಕ್ಕೂ ಅನುಕೂಲವಿಲ್ಲದವರಿಗೆ ದ್ರವ್ಯವನ್ನೇ ಕೊಡುವ ಹಿರಣ್ಯಶ್ರಾದ್ಧವುಂಟು. ದೂರವಿರುವವರ ಕಷ್ಟವನ್ನು ಶಾಸ್ತ್ರ ಬಲ್ಲದು. ಆದರೆ ಮೃತತಿಥಿಯನ್ನು ಅದು ಬಿಡುವುದಿಲ್ಲ. ದೂರದಿಂದ ಏರ್ಪಾಡು ಮಾಡುವವರು ಎಡವುವುದು ಇಲ್ಲಿಯೇ: ಮರಣಪತ್ರದಲ್ಲಿರುವ ಇಂಗ್ಲಿಷ್ ತಾರೀಖನ್ನಷ್ಟೇ ಕಳುಹಿಸಿಬಿಡುತ್ತಾರೆ. ಮಾಸ, ಪಕ್ಷ, ತಿಥಿ ಮೂರನ್ನೂ ಕೇಳದೆ ದಿನ ಹೇಳುವ ಪುರೋಹಿತರು ಸಿಕ್ಕರೆ ಅಲ್ಲಿಗೇ ಎಚ್ಚರವಾಗುವುದು ಒಳ್ಳೆಯದು.

‘ನಾನು ಮಾಡುವುದೇನೂ ಉಳಿಯಲಿಲ್ಲವೇ?’ ಎಂದು ಹುಡುಗ ಕೇಳಿದ. ಹಿಂದಿನ ರಾತ್ರಿ ಊಟ ಬಿಡಬೇಕು, ಮಂಗಳವಾರ ಸ್ನಾನ ಮಾಡಿ, ಇಲ್ಲಿ ಪಿಂಡಪ್ರದಾನ ಮುಗಿಯುವವರೆಗೆ ಏನನ್ನೂ ತಿನ್ನಬಾರದು ಎಂದರು ಭಟ್ಟರು. ಇಲ್ಲಿಯ 1.30 ಎಂದರೆ ಅವನಿಗೆ ಬೆಳಗಿನ 9. ಆ ಹೊತ್ತಿಗೆ ಅವನು ಫೋನಿನಲ್ಲಿದ್ದ. ಸಂಕಲ್ಪದಲ್ಲಿ ತನ್ನ ಹೆಸರನ್ನು ಚಿಕ್ಕಪ್ಪ ಉಚ್ಚರಿಸಿದಾಗ, ಕೇಳದಿದ್ದರೂ, ‘ಹೌದು’ ಎಂದನಂತೆ.